ಇಡಿಗಂಟು ತಗೊಳ್ಳೋದಾ, ಬೇಡ್ವಾ?

«ನಮ್ಮ ಯಜಮಾನರು ಅಂಚೆ ಇಲಾಖೆ, ಈ ತಿಂಗಳ ಕೊನೆಗೆ 60 ತುಂಬಿ ರಿಟೈರ್. ಬೇಸಿಕ್ 70,000. ಪೆನ್ಷನ್ ಎಷ್ಟು ಬರುತ್ತೆ? ಕಮ್ಯುಟೇಷನ್ ಪೂರ್ತಿ ತಗೊಂಡು ಅಡಿಕೆ ತೋಟಕ್ಕೆ ಬೋರ್ ಹಾಕಿಸಿ ಡ್ರಿಪ್ ಮಾಡಿಸೋಣ ಅಂತಿದ್ದಾರೆ. ನನಗೆ ಭಯ.»

ಭಯ ಪಡಬೇಡಿ ಅಮ್ಮಾ. ಕಮ್ಯುಟೇಷನ್ ಅಂದರೆ ಪೆನ್ಷನ್‌ನ ಒಂದು ಭಾಗ ಬಿಟ್ಟುಕೊಟ್ಟು ಅದರ ಬದಲು ಇಡಿಗಂಟು ತಗೊಳ್ಳೋದು, ಅಷ್ಟೇ. ನಾನೂ ಕೇಂದ್ರ ಸರ್ಕಾರದಲ್ಲೇ ಇದ್ದವನು, 2009ರ ಮೇ ತಿಂಗಳಲ್ಲಿ ರಿಟೈರ್ ಆದೆ. ಯಜಮಾನರು 2004ಕ್ಕೆ ಮೊದಲೇ ಕೆಲಸಕ್ಕೆ ಸೇರಿ ಹಳೇ ಪೆನ್ಷನ್‌ನಲ್ಲಿದ್ದಾರೆ ಅಂದುಕೊಂಡು ಬರೆಯುತ್ತಿದ್ದೇನೆ.

ಪೆನ್ಷನ್ ಅಂದರೆ ಕೊನೆಯ ಬೇಸಿಕ್‌ನ ಅರ್ಧ. ಕೊನೆಯ ಹತ್ತು ತಿಂಗಳ ಸರಾಸರಿ ಜಾಸ್ತಿ ಬಂದರೆ ಅದರ ಅರ್ಧ. ನಿಮಗೆ 35,000 ಆಯ್ತು. 33 ವರ್ಷ ಸರ್ವಿಸ್ ಇಲ್ಲದಿದ್ದರೆ ಕಡಿತ ಆಗುತ್ತೆ ಅಂತ ಕೆಲವರು ಹೇಳುತ್ತಾರೆ. ಅದು ಹಳೇ ಕಥೆ. ಈಗ ಕೇಂದ್ರದಲ್ಲಿ ಹತ್ತು ವರ್ಷ ಆದರೆ ಸಾಕು, ಅರ್ಧ ಸಿಗುತ್ತೆ. 33ರ ಲೆಕ್ಕ ಗ್ರಾಚ್ಯುಟಿಯಲ್ಲಿ ಮಾತ್ರ ಉಳಿದಿದೆ. ಗ್ರಾಚ್ಯುಟಿ ಬೇರೆ ದುಡ್ಡು, ಅದಕ್ಕೆ ಪೆನ್ಷನ್‌ನಿಂದ ಏನೂ ಹಿಡಿಯುವುದಿಲ್ಲ.

ಇನ್ನು ಕಮ್ಯುಟೇಷನ್. ಮೂರನೇ ಒಂದು ಭಾಗ ಮಾತ್ರ ಅನ್ನುವುದು ನಮ್ಮ ರಾಜ್ಯ ಸರ್ಕಾರದವರಿಗೆ ಸರಿ. ಕೇಂದ್ರದಲ್ಲಿ ನೂರಕ್ಕೆ 40ರವರೆಗೆ ಬಿಟ್ಟುಕೊಡಬಹುದು. 35,000ದ 40 ಅಂದರೆ 14,000. ಇದನ್ನು 12ರಿಂದ, ಆಮೇಲೆ 8.194ರಿಂದ ಗುಣಿಸಿ. ಮುಂದಿನ ಹುಟ್ಟುಹಬ್ಬಕ್ಕೆ 61 ಆಗುವವರಿಗೆ ಕಮ್ಯುಟೇಷನ್ ಪಟ್ಟಿಯಲ್ಲಿರುವ ಅಂಕಿ ಅದು. 13,76,592 ರೂಪಾಯಿ ಒಟ್ಟಿಗೆ ಕೈಗೆ ಬರುತ್ತೆ, ಅದಕ್ಕೆ ತೆರಿಗೆ ಇಲ್ಲ. ಬದಲಿಗೆ ತಿಂಗಳಿಗೆ 14,000 ಹದಿನೈದು ವರ್ಷ ಕಡಿತ. ಉಳಿಯುವುದು 21,000. ಆದರೆ ತುಟ್ಟಿಭತ್ಯೆ ಮಾತ್ರ ಪೂರ್ತಿ 35,000ದ ಮೇಲೇ ಕೊಡುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿರಲ್ಲ. ಭತ್ಯೆ ನೂರಕ್ಕೆ 55 ಇದ್ದರೆ 19,250 ಸೇರಿ ತಿಂಗಳಿಗೆ 40,250. ಏನೂ ಬಿಟ್ಟುಕೊಡದಿದ್ದರೆ 54,250 ಬರುತ್ತಿತ್ತು.

ಲಾಭವಾ ನಷ್ಟವಾ? ಕೊಟ್ಟ ಗಂಟು ಎಂಟು ವರ್ಷ ಎರಡು ತಿಂಗಳಿಗೆಲ್ಲ ಅವರಿಗೆ ವಾಪಸ್ ಹೋಗಿರುತ್ತೆ, ಆದರೂ ಹದಿನೈದು ವರ್ಷ ಹಿಡಿಯುತ್ತಾರೆ. ಒಟ್ಟು 25,20,000. ಸಾಲದ ಹಾಗೆ ನೋಡಿದರೆ ಬಡ್ಡಿ ನೂರಕ್ಕೆ ಒಂಬತ್ತರ ಹತ್ತಿರ ಬೀಳುತ್ತೆ. ಅಷ್ಟು ಕೊಟ್ಟು ತಗೊಂಡು ಏಳರ ಎಫ್‌ಡಿಯಲ್ಲಿ ಇಡೋದು ಸುಮ್ನೆ ಕೈ ಸುಟ್ಟುಕೊಂಡ ಹಾಗೆ. ಹನ್ನೊಂದು, ಹನ್ನೆರಡರ ಸಾಲ ಇದ್ದರೆ ಮಾತ್ರ ಕಣ್ಣುಮುಚ್ಚಿ ತಗೊಂಡು ತೀರಿಸಿ.

ಸಾಲಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ನಿಮ್ಮ ಭಯ ಇದೇ ಇರಬಹುದು ಅನ್ನಿಸಿತು, ಅದಕ್ಕೇ ಹೇಳುತ್ತೇನೆ. ನಾಳೆ ಯಜಮಾನರಿಗೆ ಏನಾದರೂ ಆದರೆ ಕಡಿತ ಅಲ್ಲಿಗೇ ನಿಂತಿತು. ಬಾಕಿ ಕೊಡಿ ಅಂತ ನಿಮ್ಮನ್ನು ಯಾರೂ ಕೇಳುವ ಹಾಗಿಲ್ಲ. ನಿಮಗೆ ಬರುವ ಫ್ಯಾಮಿಲಿ ಪೆನ್ಷನ್ ಕಮ್ಮಿ ಅಂದರೂ ಬೇಸಿಕ್‌ನ ನೂರಕ್ಕೆ 30, ಅಂದರೆ 21,000 ಮತ್ತು ಭತ್ಯೆ. ಕಮ್ಯುಟೇಷನ್ ತಗೊಂಡಿದ್ದರೂ ಅದರಲ್ಲಿ ಒಂದು ಪೈಸೆ ಕಮ್ಮಿ ಆಗಲ್ಲ.

ನನ್ನ ಮಾತು ಕೇಳುವುದಾದರೆ, ಪೂರ್ತಿ 40 ಯಾಕೆ? ಎಷ್ಟು ಬೇಕೋ ಅಷ್ಟೇ ಬರೆಯಬಹುದು. ಬೋರು, ಮೋಟರು, ಡ್ರಿಪ್ ಸೇರಿ ಐದು ಲಕ್ಷ ಅಂದುಕೊಳ್ಳಿ. ನೂರಕ್ಕೆ 15 ಅಂತ ಬರೆದರೆ 5,16,222 ಬರುತ್ತೆ, ತಿಂಗಳಿಗೆ ಹೋಗುವುದು 5,250 ಅಷ್ಟೇ. ಬೋರಲ್ಲಿ ನೀರು ಬೀಳದಿದ್ದರೂ ಮನೆ ನಡೆಯುತ್ತೆ ಅಲ್ವಾ? ನಮ್ಮ ಪಕ್ಕದ ತೋಟದವರಿಗೆ ಎರಡು ಬೋರಲ್ಲಿ ಬರೀ ಧೂಳು ಬಂತು. ಗ್ರಾಚ್ಯುಟಿ ಎಷ್ಟು ಬರುತ್ತೆ ನೋಡಿಕೊಂಡರೆ ಇದೂ ಬೇಡವಾಗಬಹುದು.

ಆದರೆ ಆಮೇಲೆ ನೋಡೋಣ ಅಂತ ಮುಂದೂಡಬೇಡಿ. ರಿಟೈರ್ ಆಗಿ ಒಂದು ವರ್ಷ ದಾಟಿದರೆ ವೈದ್ಯಕೀಯ ಪರೀಕ್ಷೆಗೆ ಓಡಾಡಬೇಕು, ವಯಸ್ಸು ಏರಿದ ಹಾಗೆ ಆ 8.194 ಕೂಡ ಇಳಿಯುತ್ತೆ.

ಹದಿನೈದು ವರ್ಷವನ್ನು ಹನ್ನೆರಡಕ್ಕೆ ಇಳಿಸಿ ಅಂತ ಸಂಘಟನೆಗಳು ಕೇಳುತ್ತಲೇ ಇವೆ. ಪಕ್ಕದ ಕೇರಳದಲ್ಲಿ ರಾಜ್ಯ ನೌಕರರಿಗೆ ಹನ್ನೆರಡೇ. ಕೇಂದ್ರದಲ್ಲಿ ಆದರೆ ನಿಮ್ಮ ಅದೃಷ್ಟ, ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ನನ್ನ ಕಡಿತದ ಹದಿನೈದು ವರ್ಷ 2024ರ ಜೂನ್‌ಗೆ ಮುಗಿಯಿತು. ಬ್ಯಾಂಕಿನವರು ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ಹಿಡಿದೇ ಹಿಡಿದರು. ಕೇಳಿದರೆ «ಸಿಸ್ಟಮ್ಮಲ್ಲಿ ತಾರೀಖೇ ಇಲ್ಲ ಸಾರ್» ಅಂದರು. ಪೆನ್ಷನ್ ಆದೇಶ ಪತ್ರ, ಅಂದರೆ ಪಿಪಿಒ, ಅದರ ಜೆರಾಕ್ಸ್ ಇಟ್ಟು ಅರ್ಜಿ ಬರೆದ ಮೇಲೆ ಬಾಕಿ ಬಂತು. ನೀವು ಕಮ್ಯುಟೇಷನ್ ತಗೊಂಡರೆ ದುಡ್ಡು ಬಂದ ದಿನ, ಕಡಿತ ಶುರುವಾದ ತಿಂಗಳು ಎರಡನ್ನೂ ಪಿಪಿಒ ಕವರಿನ ಮೇಲೆ ಪೆನ್ನಲ್ಲಿ ಬರೆದಿಡಿ. ಮಕ್ಕಳಿಗೂ ತೋರಿಸಿಡಿ.