ವರದಕ್ಷಿಣೆ ಮಗಳ ಪಾಲಲ್ಲ

ಪ್ರಶ್ನೆ: ಹಾವೇರಿ ಜಿಲ್ಲೆಯವಳು ನಾನು. ಹಿರಿಯ ಮಗಳಿಗೆ ಕೂಡಿಬಂದ ಸಂಬಂಧದವರು 10 ಲಕ್ಷ ರೂಪಾಯಿ, 15 ತೊಲ ಬಂಗಾರ ಕೇಳಿದ್ದಾರೆ. ಪಿತ್ರಾರ್ಜಿತ 6 ಎಕರೆಯಲ್ಲಿ 2 ಎಕರೆ ಮಾರಿ ಕೊಡೋಣ, ಅವಳ ಪಾಲು ಅಲ್ಲಿಗೆ ಮುಗಿಯಿತೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸೋಣ ಎನ್ನುತ್ತಾರೆ ಯಜಮಾನರು. ಕಿರಿಯಳಿಗೆ ಪಿಯುಸಿಯೇ ಸಾಕಂತೆ. ಆಸ್ತಿಯೆಲ್ಲ ಮಗನಿಗೇ ಎಂಬ ಮಾತೂ ಇದೆ. ಏನು ಮಾಡಲಿ?

ಉತ್ತರ: ಯಜಮಾನರೊಂದಿಗೆ ಕುಳಿತು, ಆ ಹಣದಲ್ಲಿ ಮಗಳ ಕೈಗೆ ಬರುವುದೆಷ್ಟು ಎಂದು ಒಂದು ಹಾಳೆಯ ಮೇಲೆ ಬರೆದು ನೋಡಿ. ನಗದು ಬೀಗರ ಕೈ ಸೇರುತ್ತದೆ, ಅದಕ್ಕೆ ರಸೀದಿ ಇರುವುದಿಲ್ಲ. ಬಂಗಾರ ಧಾರೆಯ ದಿನ ಅವಳ ಮೈಮೇಲಿದ್ದರೂ, ಮರುವಾರವೇ ಅತ್ತೆಯ ಬೀರು ಸೇರುವುದನ್ನು ಎಷ್ಟೋ ಮನೆಗಳಲ್ಲಿ ನಾನು ಕಂಡಿದ್ದೇನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ, ಮದುವೆಗೆ ಮುಂಚೆ ಬೇರೆಯವರು ಪಡೆದ ವರದಕ್ಷಿಣೆಯನ್ನು ಮದುವೆಯಾದ 3 ತಿಂಗಳೊಳಗೆ ವಧುವಿಗೆ ಒಪ್ಪಿಸಬೇಕು. ಆದರೆ ದಾಖಲೆಯೇ ಇಲ್ಲದ ನಗದನ್ನು ಅವಳು ಯಾವ ಆಧಾರದ ಮೇಲೆ ಕೇಳುತ್ತಾಳೆ? ಹೀಗೆ ಕೈಬಿಟ್ಟು ಹೋಗುವ ಹಣವನ್ನು ಅವಳ ಪಾಲು ಎಂದು ಕರೆಯುವುದು ನ್ಯಾಯವಲ್ಲ.

ಪಾಲು ಬೇರೆಯೇ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ ಹಕ್ಕು ಹುಟ್ಟಿನಿಂದ ಬರುತ್ತದೆ, ಮದುವೆಯಿಂದ ಅದು ಅಳಿಯುವುದಿಲ್ಲ. ಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ ಹಿಂದೆ ಪಡೆಯುವುದು ಬಹಳ ಕಷ್ಟ. ಆದ್ದರಿಂದ ಮದುವೆಯ ಗಡಿಬಿಡಿಯಲ್ಲಿ ಅವಳು ಯಾವ ಪತ್ರಕ್ಕೂ ಸಹಿ ಹಾಕದಿರಲಿ. ಒಬ್ಬ ವಕೀಲರಿಗೆ ಪಹಣಿ ತೋರಿಸಿ ಕೇಳಿ.

ಇದು ಹಿಂದಿನಿಂದ ಬಂದ ಪದ್ಧತಿ ಎಂದು ಯಾರಾದರೂ ಹೇಳಿದರೆ, ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟೋ ರೈತಾಪಿ ಕುಟುಂಬಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು ಎಂಬುದನ್ನು ನೆನಪಿಸಿ. ಆ ತೆರವೂ ಹೆಣ್ಣಿಗೆ ಬೆಲೆ ಕಟ್ಟುವುದೇ ಆಗಿತ್ತು, ನಿಜ. ಆದರೆ ಹೊಲದಲ್ಲಿ ದುಡಿಯುವ ಕೈ ಎಂದು ಅವಳನ್ನು ಎಣಿಸುತ್ತಿದ್ದ ಜನರೇ ಈಗ ಅವಳನ್ನು ಖರ್ಚೆಂದು ಎಣಿಸುತ್ತಿದ್ದಾರೆ. ಕಿರಿಯಳ ಓದು ನಿಲ್ಲುತ್ತಿರುವುದಕ್ಕೆ ಬೇರು ಅಲ್ಲಿದೆ: ಹೆಚ್ಚು ಓದಿದವಳಿಗೆ ಇನ್ನೂ ಹೆಚ್ಚು ಓದಿದ ವರ ಬೇಕು, ಅಂಥವನು ಕೇಳುವುದೂ ಹೆಚ್ಚು ಎಂಬ ಭಯದಿಂದ ತಂದೆಯರು ಹೆಣ್ಣುಮಕ್ಕಳ ಕಾಲೇಜು ಬಿಡಿಸುತ್ತಾರೆ. ತನಗೆ ಸಂಬಳ ತರಬಲ್ಲ ಓದನ್ನೇ ಅವಳು ಹಾಗೆ ಕಳೆದುಕೊಳ್ಳುತ್ತಾಳೆ.

ಬೀಗರೊಂದಿಗೆ ಮಾತನಾಡುವಾಗ ನಿಮ್ಮ ತವರಿನ ಹಿರಿಯರೊಬ್ಬರು ಜೊತೆಗಿರಲಿ. ನಗದು ಕೊಡುವುದಿಲ್ಲ, ಮಗಳಿಗೆ ಪ್ರೀತಿಯಿಂದ ಕೊಡುವ ಒಡವೆಯನ್ನು ಮದುವೆಯ ದಿನವೇ ಪಟ್ಟಿ ಮಾಡಿ, ಬೆಲೆಯನ್ನೂ ಕೊಟ್ಟವರ ಹೆಸರನ್ನೂ ಬರೆದು, ವಧೂವರರು ಸಹಿ ಹಾಕಬೇಕು ಎಂದು ಮೊದಲ ಮಾತಿನಲ್ಲೇ ಹೇಳಿಸಿ. ನಗದು ಇಲ್ಲವೆಂದ ಮೇಲೆ ಹಿಂದೆ ಸರಿಯುವವರು ನಾಳೆ ತೊಟ್ಟಿಲಿಗೂ ಬಾಣಂತನಕ್ಕೂ ಕೈ ಚಾಚುವವರೇ. ಅದಕ್ಕಿಂತ ಮುಂಚೆ ಮಗಳನ್ನೇ ಒಮ್ಮೆ ಕೇಳಿ, ಈ ಸಂಬಂಧ ಅವಳಿಗೆ ಬೇಕೇ ಎಂದು. ನಿಮ್ಮ ಪತ್ರದಲ್ಲಿ ಅವಳ ಒಂದು ಮಾತೂ ನನಗೆ ಕಾಣಲಿಲ್ಲ. ಕಿರಿಯಳ ಕಾಲೇಜಿನ ಅರ್ಜಿಯನ್ನು ಮಾತ್ರ ಮದುವೆಯ ತೀರ್ಮಾನಕ್ಕೆ ಕಾಯಿಸದೆ ಈ ವಾರವೇ ತುಂಬಿಸಿ.