ಎಪೆಕ್ಸಲ್ಲಿ ಕೇಳಿಸಿದ್ದೆಲ್ಲಾ ಮೈಟ್ರಲ್ ಮರ್ಮರ್ ಅಲ್ಲ

ಪ್ರಶ್ನೆ: ಸರ್, ನಾನು ಹೌಸ್ ಸರ್ಜನ್, ಸದ್ಯ ಸೋಮವಾರಪೇಟೆ ಕಡೆ ಪೋಸ್ಟಿಂಗ್. 66 ವರ್ಷದ ತೋಟದ ಕಾರ್ಮಿಕರೊಬ್ರು ಮೆಣಸು ಕುಯ್ಯೋಕೆ ಏಣಿ ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ರು ಅಂತ ಕರ್ಕೊಂಡು ಬಂದಿದ್ರು. ಎಪೆಕ್ಸಲ್ಲಿ ಸಿಸ್ಟೋಲಿಕ್ ಮರ್ಮರ್ ಚೆನ್ನಾಗಿ ಕೇಳಿಸ್ತು, ಮೈಟ್ರಲ್ ರಿಗರ್ಜಿಟೇಶನ್ (ಎಂಆರ್) ಅಂತ ಬರೆದೆ. ನಾಡಿ ಮಧ್ಯೆ ಮಧ್ಯೆ ತಪ್ತಿತ್ತು. ಮೈಸೂರಲ್ಲಿ ಎಕೋ ಮಾಡಿಸಿದ್ರೆ ಸಿವಿಯರ್ ಅಯೋರ್ಟಿಕ್ ಸ್ಟೆನೋಸಿಸ್ (ಎಎಸ್), ವೆಲಾಸಿಟಿ ಸೆಕೆಂಡಿಗೆ 4.2 ಮೀಟರ್, ಮೈಟ್ರಲ್ ಕವಾಟ ಸರಿಯಾಗೇ ಇದೆ ಅಂತ ಬಂತು. ನಾನು ಎಡವಿದ್ದು ಎಲ್ಲಿ?

ಉತ್ತರ: ಡಾಕ್ಟ್ರೇ, ನಿಮ್ಮ ಕಿವಿದೇನೂ ತಪ್ಪಿಲ್ಲ, ಶಬ್ದ ಅಲ್ಲಿ ಇದ್ದಿದ್ದು ನಿಜ. ನೀವು ಜಾಗ ನೋಡಿ ಕವಾಟದ ಹೆಸರು ಬರೆದುಬಿಟ್ರಿ, ಅಷ್ಟೇ ಆಗಿದ್ದು. ಬಲಗಡೆ ಎರಡನೇ ಪಕ್ಕೆಲುಬಿನ ಸಂದು ಅಯೋರ್ಟಿಕ್, ಎಪೆಕ್ಸ್ ಮೈಟ್ರಲ್ ಅಂತ ನಾವೆಲ್ಲಾ ಬಾಯಿಪಾಠ ಮಾಡ್ಕೊಂಡು ಬಂದಿದ್ದು, ಆದ್ರೆ ಆ ಜಾಗಗಳಲ್ಲಿ ಕವಾಟ ಕೂತಿರಲ್ಲ, ಶಬ್ದ ಯಾವ ಕಡೆ ಹರಿದು ಬರುತ್ತೆ ಅನ್ನೋದನ್ನ ಅಷ್ಟೇ ಅವು ಹೇಳೋದು. ವಯಸ್ಸಾದವರ ಗಟ್ಟಿಯಾದ, ಸುಣ್ಣ ಕಟ್ಟಿದ ಅಯೋರ್ಟಿಕ್ ಕವಾಟದಿಂದ ಎರಡು ಥರ ಶಬ್ದ ಹೊರಡುತ್ತೆ: ಗರಗಸ ಎಳೆದ ಹಾಗಿರೋ ಒರಟು ಶಬ್ದ ಮೇಲೆ ಕತ್ತಿನ ಕಡೆ ಹೋಗುತ್ತೆ, ಸಣ್ಣಗೆ ಶಿಳ್ಳೆ ಥರದ್ದು ಕೆಳಗೆ ಎಪೆಕ್ಸ್ ಕಡೆ ಇಳಿಯುತ್ತೆ. ಇದನ್ನ 1925ರಲ್ಲಿ ಫ್ರಾನ್ಸಿನ ಗಾಲಾವಾರ್ಡಿನ್ ಬರೆದಿಟ್ರು, ಇವತ್ತಿಗೂ ಅವರ ಹೆಸರಲ್ಲೇ ಕರೀತಾರೆ. ನೀವು ಕೇಳಿಸ್ಕೊಂಡಿದ್ದು ಅದೇ ಶಿಳ್ಳೆ ಅನ್ನಿಸುತ್ತೆ.

ಹಾಗಾಗಿ ಮೊದ್ಲು ಟೈಮಿಂಗ್, ಆಮೇಲೆ ಜಾಗ. ಸಿಸ್ಟೋಲಿಕ್ ಅಂತ ಗೊತ್ತಾದ್ರೆ ಸಾಲ್ದು, ಸಿಸ್ಟೋಲಿನ ಒಳಗೆ ಎಲ್ಲಿ ಶುರುವಾಯ್ತು ಎಲ್ಲಿ ಮುಗೀತು ಅನ್ನೋದನ್ನ ಹಿಡೀಬೇಕು. ಎಡಗೈ ಬೆರಳನ್ನ ಕತ್ತಿನ ಕೆರೋಟಿಡ್ ಮೇಲೆ ಇಟ್ಕೊಂಡೇ ಸ್ಟೆತ್ ಇಡಿ (ಮಣಿಕಟ್ಟಿನ ನಾಡಿ ಬೇಡ, ಅದು ಬರೋದು ತಡ). ಬೆರಳಿಗೆ ಏಟು ಬೀಳೋ ಮುಂಚೆ ಕೇಳಿಸೋದು ಲಬ್, ಅಂದ್ರೆ ಮೈಟ್ರಲ್ ಮತ್ತು ಟ್ರೈಕಸ್ಪಿಡ್ ಮುಚ್ಚಿದ ಸದ್ದು.

ಈಗ ಎಂಆರ್ ಯೋಚನೆ ಮಾಡಿ. ಎಡ ಕುಹರ ಹಿಂಡೋಕೆ ಶುರು ಮಾಡಿದ ತಕ್ಷಣ ಅಲ್ಲಿನ ಒತ್ತಡ ಮೇಲಿನ ಕೋಣೆಗಿಂತ ಜಾಸ್ತಿ ಆಗುತ್ತೆ, ಕವಾಟ ಸರಿಯಾಗಿ ಮುಚ್ಚಿಲ್ಲ ಅಂದ್ರೆ ರಕ್ತ ಆ ಕ್ಷಣದಿಂದಲೇ ಹಿಂದಕ್ಕೆ ನುಗ್ಗುತ್ತೆ. ಹಾಗಾಗಿ ಮರ್ಮರ್ ಲಬ್ ಜೊತೆಗೇ ಹುಟ್ಟಿ, ಒಂದೇ ಸಮ ಎಳ್ಕೊಂಡು ಹೋಗಿ ಡಬ್ಬನ್ನೂ ನುಂಗುತ್ತೆ, ಯಾಕಂದ್ರೆ ಅಯೋರ್ಟಿಕ್ ಕವಾಟ ಮುಚ್ಚಿದ ಮೇಲೂ ಒಂಚೂರು ಹೊತ್ತು ಕುಹರದಲ್ಲಿ ಒತ್ತಡ ಜಾಸ್ತಿನೇ ಇರುತ್ತೆ. ಎಎಸ್ ಕಥೆ ಬೇರೆ. ಅಲ್ಲಿ ಕುಹರ ಮಹಾಧಮನಿಯ ಒತ್ತಡ ಮೀರಿ ಕವಾಟ ತೆರೆಯೋವರೆಗೂ ರಕ್ತ ಹೊರಡೋದೇ ಇಲ್ಲ, ಅದಕ್ಕೇ ಲಬ್ ಆದ್ಮೇಲೆ ಸಣ್ಣ ಗ್ಯಾಪ್ ಇರುತ್ತೆ, ಆಮೇಲೆ ಶಬ್ದ ಏರಿ, ಇಳಿದು, ಡಬ್ ಬರೋಷ್ಟರಲ್ಲಿ ನಿಂತಿರುತ್ತೆ. ಎಪೆಕ್ಸಲ್ಲಿ ಕೇಳಿಸಿದ್ರೂ ಆಕಾರ ಇದೇ.

ಹೇಳೋಕೆ ಸುಲಭ, ಜೂನ್ ಜುಲೈ ಮಳೆ ತಗಡಿನ ಮೇಲೆ ಬೀಳ್ತಾ ಇರೋವಾಗ ಆ ಗ್ಯಾಪ್ ಹುಡುಕೋದು ಯಾರಿಗೂ ಕಷ್ಟನೇ. ಅದೂ ಅಲ್ದೆ ಸಿವಿಯರ್ ಎಎಸ್‌ನಲ್ಲಿ ಕವಾಟದ ಎಸಳು ಅಲ್ಲಾಡೋದೇ ಕಡಿಮೆ, ಅದು ಮುಚ್ಚೋ ಸದ್ದೂ ಮೆತ್ತಗಾಗಿರುತ್ತೆ, ಡಬ್ ಕೇಳಿಸ್ಲಿಲ್ಲ ಅಂದ ತಕ್ಷಣ ಮರ್ಮರ್ ನುಂಗಿತು ಅಂದ್ಕೊಂಡು ಎಂಆರ್ ಕಡೆ ಜಾರ್ತೀವಿ.

ಆದ್ರೆ ನಿಮ್ಮ ಪೇಷಂಟ್ ಸುಳಿವನ್ನ ತಾವೇ ಕೈಗೆ ಕೊಟ್ಟಿದ್ರು. ನಾಡಿ ತಪ್ತಿತ್ತು ಅಂದ್ರಲ್ಲ, ಅದು ಎಕ್ಟೋಪಿಕ್ ಬೀಟ್ ಆಗಿದ್ರೆ ಅದಾದ್ಮೇಲೆ ಒಂದು ಉದ್ದದ ಬಿಡುವು ಬರುತ್ತೆ, ಆ ಬಿಡುವಿನ ನಂತರದ ಮೊದಲ ಬೀಟಿಗೆ ಕಿವಿ ಕೊಡಿ. ಬಿಡುವಲ್ಲಿ ಕುಹರ ಜಾಸ್ತಿ ತುಂಬಿರುತ್ತೆ, ಜೋರಾಗಿ ಹಿಂಡುತ್ತೆ, ಮಹಾಧಮನಿಯಲ್ಲಿ ಒತ್ತಡನೂ ಅಷ್ಟೊತ್ತಿಗೆ ಇಳಿದಿರುತ್ತೆ, ಹಾಗಾಗಿ ಸಣ್ಣ ಬಾಗಿಲಲ್ಲಿ ಜಾಸ್ತಿ ರಕ್ತ ನುಗ್ಗಿ ಎಎಸ್ ಮರ್ಮರ್ ಎದ್ದು ಕೇಳುತ್ತೆ. ಎಂಆರ್‌ನಲ್ಲಿ ಆ ಹೆಚ್ಚುವರಿ ರಕ್ತ ಬಹುಪಾಲು ಮುಂದಕ್ಕೇ ಹೋಗುತ್ತೆ, ಮರ್ಮರ್ ಹೆಚ್ಚುಕಮ್ಮಿ ಹಾಗೇ ಇರುತ್ತೆ. ನನ್ನ ಪ್ರಕಾರ ಬೆಡ್ ಪಕ್ಕ ಇದಕ್ಕಿಂತ ಒಳ್ಳೆ ಟೆಸ್ಟ್ ಇಲ್ಲ, ಎಕ್ಟೋಪಿಕ್ ಬರೋವರೆಗೂ ಕಾಯೋ ತಾಳ್ಮೆ ಬೇಕು ಅಷ್ಟೇ. ಏಟ್ರಿಯಲ್ ಫಿಬ್ರಿಲೇಶನ್ ಇದ್ರೆ ಕಾಯೋದೂ ಬೇಡ, ಉದ್ದ ಬಿಡುವು ತಾನಾಗೇ ಸಿಕ್ತಾ ಇರುತ್ತೆ.

ಎಕ್ಟೋಪಿಕ್ ಬರ್ಲೇ ಇಲ್ವಾ, ಆಗ ಸ್ಟೆತ್ತನ್ನ ಬಲಗಡೆ ಮೇಲಿಂದ ಎಪೆಕ್ಸ್‌ವರೆಗೆ ಒಂದೊಂದೇ ಇಂಚು ಜರುಗಿಸಿ. ಒರಟು ಶಬ್ದ ಮಧ್ಯದಲ್ಲಿ ಸ್ವಲ್ಪ ತಗ್ಗಿ, ಎಪೆಕ್ಸಲ್ಲಿ ಶಿಳ್ಳೆಯಾಗಿ ಮತ್ತೆ ಎದ್ದು, ಕಂಕುಳ ಕಡೆ ಹೋಗದೆ ಅಲ್ಲೇ ನಿಂತ್ರೆ ಗಾಲಾವಾರ್ಡಿನ್ ನೆನಪಿಸ್ಕೊಳ್ಳಿ. ಎರಡು ಕೈಲೂ ಗಟ್ಟಿ ಮುಷ್ಟಿ ಹಿಡಿಸಿ ನೋಡಿ, ಎಂಆರ್ ಆದ್ರೆ ಜೋರಾಗುತ್ತೆ, ಎಎಸ್ ಆದ್ರೆ ಹಾಗೇ ಇರುತ್ತೆ ಇಲ್ಲಾ ತಗ್ಗುತ್ತೆ. ಕೆರೋಟಿಡ್ ನಿಧಾನವಾಗಿ ಏಳ್ತಿದ್ರೆ ಎಎಸ್‌ಗೆ ಬಲ ಬಂತು, ಆದ್ರೆ ವಯಸ್ಸಾದವರ ರಕ್ತನಾಳ ಗಟ್ಟಿ ಇರೋದ್ರಿಂದ ಸಿವಿಯರ್ ಇದ್ರೂ ನಾಡಿ ಚೆನ್ನಾಗೇ ಸಿಗಬಹುದು, ಬಿಪಿನೂ ಜಾಸ್ತಿ ಇರಬಹುದು.

ಉಲ್ಟಾ ಕಡೆಗೂ ನಾನು ಬಿದ್ದಿದ್ದೀನಿ. ವರ್ಷಗಳ ಹಿಂದೆ ಒಬ್ಬ ಡ್ರೈವರ್‌ಗೆ ಎದೆಯ ಮೇಲ್ಭಾಗದಲ್ಲಿ ಮರ್ಮರ್ ಜೋರಾಗಿತ್ತು, ಕತ್ತಿಗೂ ಹತ್ತಿತ್ತು, ನಾನು ಕಣ್ಮುಚ್ಚಿ ಎಎಸ್ ಅಂದೆ. ಎಕೋದಲ್ಲಿ ನೋಡಿದ್ರೆ ಮೈಟ್ರಲ್‌ನ ಹಿಂಬದಿ ಎಸಳಿನ ದಾರ ಕಿತ್ತುಹೋಗಿತ್ತು. ಹಿಂಬದಿ ಎಸಳು ಕೈಕೊಟ್ರೆ ಸೋರೋ ರಕ್ತ ಮುಂದಕ್ಕೆ, ಮಹಾಧಮನಿ ಪಕ್ಕದ ಗೋಡೆಗೆ ಬಡಿಯುತ್ತೆ, ಅದಕ್ಕೇ ಮೇಲೆ ಕೇಳಿಸೋದು. ಮುಂಬದಿ ಎಸಳು ಕೆಟ್ರೆ ಕಂಕುಳಿಗೆ, ಬೆನ್ನಿಗೆ ಹೋಗುತ್ತೆ. ಅವತ್ತು ಮರ್ಮರ್ ಲಬ್ ಜೊತೆಗೇ ಶುರುವಾಗ್ತಿತ್ತು, ನಾನೇ ಗಮನ ಕೊಟ್ಟಿರ್ಲಿಲ್ಲ.

ಇನ್ನು ನಿಮ್ಮ ರಿಪೋರ್ಟಿಗೆ ಬರೋಣ. ವೆಲಾಸಿಟಿ 4 ದಾಟಿದ್ರೆ ಸಿವಿಯರ್. ಅದರ ವರ್ಗವನ್ನ 4ರಿಂದ ಗುಣಿಸಿದ್ರೆ ಗ್ರೇಡಿಯಂಟ್ ಸಿಗುತ್ತೆ: 4.2 × 4.2 ಅಂದ್ರೆ 17.6, ಇಂಟು 4 ಅಂದ್ರೆ ಸುಮಾರು 70. ಅಂದ್ರೆ ರಕ್ತ ಜೋರಾಗಿ ಹೊರಡೋ ಹೊತ್ತಲ್ಲಿ ಕವಾಟದ ಈಚೆಗೂ ಆಚೆಗೂ 70 ಮಿ.ಮೀ. ಪಾದರಸದಷ್ಟು ವ್ಯತ್ಯಾಸ. ಏಣಿ ಹತ್ತುವಾಗ ಕಾಲಿನ ಸ್ನಾಯುಗಳ ರಕ್ತನಾಳ ಹಿಗ್ಗುತ್ತೆ, ಇಂಥ ಕವಾಟ ಅದಕ್ಕೆ ತಕ್ಕ ಹಾಗೆ ರಕ್ತ ಹೆಚ್ಚಿಸೋಕೆ ಆಗಲ್ಲ, ಬಿಪಿ ಬೀಳುತ್ತೆ, ಕಣ್ಣು ಕತ್ತಲೆ. ಮರ್ಮರ್ ಎಷ್ಟು ಜೋರಿದೆ ಅನ್ನೋದರ ಮೇಲೆ ಮಾತ್ರ ಕಾಯಿಲೆ ಅಳೀಬೇಡಿ, ಹೃದಯ ಸೋತಾಗ ಹರಿವೇ ಕಮ್ಮಿಯಾಗಿ ಮರ್ಮರ್ ಮೆತ್ತಗಾಗುತ್ತೆ. ಏರಿಳಿತದ ಶಿಖರ ಡಬ್ ಕಡೆಗೆ ತಡವಾಗಿ ಸರಿದಷ್ಟೂ ಕಾಯಿಲೆ ಜಾಸ್ತಿ.

ಚೀಟಿಯಲ್ಲಿ ಎಂಆರ್ ಅಂತ ಹಾಗೇ ಉಳಿದಿದ್ರೆ ಇವತ್ತೇ ತಿದ್ದಿ. ಎಂಆರ್‌ಗೆ ಅಂತ ರಕ್ತನಾಳ ಹಿಗ್ಗಿಸೋ ಮಾತ್ರೆ ಯಾರಾದ್ರೂ ಶುರು ಮಾಡಿದ್ರೆ, ಎದೆನೋವು ಅಂದಾಗ ನಾಲಿಗೆ ಕೆಳಗೆ ನೈಟ್ರೇಟ್ ಇಟ್ರೆ, ಇವರಿಗೆ ಬಿಪಿ ಏಕ್ದಂ ಬಿದ್ದುಹೋಗಬಹುದು. ತಲೆಸುತ್ತಿ ಬಿದ್ದಿರೋ ಸಿವಿಯರ್ ಎಎಸ್‌ಗೆ ಮಾತ್ರೆ ಉತ್ತರ ಅಲ್ಲ, ಕವಾಟ ಬದಲಾಯಿಸಬೇಕು. ಎದೆ ತೆಗೆದು ಮಾಡೋದಾ ತೊಡೆ ಮೂಲಕ ಕೂರಿಸೋದಾ ಅಂತ ಹೃದಯದ ಟೀಮ್ ನೋಡಿ ಹೇಳ್ತಾರೆ. ಅಲ್ಲೀವರೆಗೆ ಏಣಿ ಬೇಡ, ಇಳಿಜಾರಲ್ಲಿ ಮೂಟೆ ಹೊರೋದೂ ಬೇಡ, ಇದನ್ನ ಮನೆಯವರ ಜೊತೆ ತೋಟದ ರೈಟರ್‌ಗೂ ಹೇಳಿ ಕಳಿಸಿ, ಇಲ್ಲಾಂದ್ರೆ ನಾಳೆ ಬೆಳಗ್ಗೆ ಮತ್ತೆ ಏಣಿ ಮೇಲೇ ಇರ್ತಾರೆ.