ರೆಸ್ಯೂಮೆಯಲ್ಲಿ ಒಂದು ಹುದ್ದೆಗೆ ಎಷ್ಟು ಬುಲೆಟ್ ಪಾಯಿಂಟ್‌ಗಳು ಸಾಕು?

ಪ್ರಶ್ನೆ: ಅಕೌಂಟ್ಸ್ ವಿಭಾಗದಲ್ಲಿ 7 ವರ್ಷದ ಅನುಭವ, ಮೂರು ಕಂಪನಿ. ಈಗಿನ ಕೆಲಸದ ಕೆಳಗೇ 11 ಬುಲೆಟ್ ಪಾಯಿಂಟ್ ಆಗಿವೆ. ಒಂದೊಂದು ಹುದ್ದೆಗೆ ಎಷ್ಟು ಹಾಕಬೇಕು, ಎಷ್ಟು ಉದ್ದ ಇರಬೇಕು?

ಉತ್ತರ: ಈಗಿನ ಹುದ್ದೆಗೆ ಐದು ಅಥವಾ ಆರು, ಹಿಂದಿನದಕ್ಕೆ ಮೂರು, ಮೊದಲನೆಯದಕ್ಕೆ ಒಂದೆರಡು ಸಾಕು. ನಮ್ಮ ವಿಭಾಗಕ್ಕೆ ಬರುವ ಅರ್ಜಿಗಳನ್ನು ನಾನೇ ಓದಿ ಆಯ್ಕೆ ಮಾಡುತ್ತೇನೆ. ಮೊದಲ ಸುತ್ತಿನಲ್ಲಿ ಪ್ರತಿ ಹುದ್ದೆಯ ಮೇಲಿನ ಎರಡು ಮೂರು ಸಾಲುಗಳ ಮೇಲಷ್ಟೇ ಕಣ್ಣು ನಿಲ್ಲುವುದರಿಂದ, ನಿಮ್ಮ ಗಟ್ಟಿ ಕೆಲಸ ಒಂಬತ್ತನೆಯ ಸಾಲಿನಲ್ಲಿದ್ದರೆ ಅದು ಇದ್ದೂ ಇಲ್ಲದಂತೆ.

ಹನ್ನೊಂದನ್ನು ಆರಕ್ಕೆ ಇಳಿಸಲು ಕೆಲಸಗಳನ್ನು ಕೈಬಿಡಬೇಕಾಗಿಲ್ಲ. ಒಂದೇ ಕೆಲಸದ ತುಂಡುಗಳನ್ನು ಸೇರಿಸಿದರೆ ಬಹುಪಾಲು ಮುಗಿಯುತ್ತದೆ. ಅಕೌಂಟ್ಸ್‌ನವರ ರೆಸ್ಯೂಮೆಗಳಲ್ಲಿ ನಾನು ಪದೇ ಪದೇ ನೋಡುವ ಮೂರು ಸಾಲುಗಳು ಹೀಗಿರುತ್ತವೆ:

• ಜಿಎಸ್‌ಟಿಆರ್-1 ಸಲ್ಲಿಕೆ
• ಜಿಎಸ್‌ಟಿಆರ್-3ಬಿ ಸಲ್ಲಿಸುವ ಜವಾಬ್ದಾರಿ ನನ್ನದಾಗಿತ್ತು
• ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿಯೊಂದಿಗೆ ತಾಳೆ ನೋಡುತ್ತೇನೆ

ಇವು ಮೂರೂ ತಿಂಗಳ ಜಿಎಸ್‌ಟಿ ಕೆಲಸದ ಭಾಗಗಳೇ. ಅಷ್ಟೇ ಅಲ್ಲದೆ, ಮೊದಲನೆಯದು ನಾಮಪದದಲ್ಲಿ, ಎರಡನೆಯದು ಭೂತಕಾಲದಲ್ಲಿ, ಮೂರನೆಯದು ವರ್ತಮಾನದಲ್ಲಿ ಮುಗಿದಿರುವುದರಿಂದ ಓದುವವರು ಪ್ರತಿ ಸಾಲಿಗೂ ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ. ಸೇರಿಸಿ ಬರೆದರೆ ಹೀಗಾಗುತ್ತದೆ:

• ಖರೀದಿ ಬಿಲ್‌ಗಳನ್ನು ಜಿಎಸ್‌ಟಿಆರ್-2ಬಿಯೊಂದಿಗೆ ತಾಳೆ ನೋಡಿ, ಎರಡು ರಾಜ್ಯಗಳ ನೋಂದಣಿಗಳಿಗೆ ಪ್ರತಿ ತಿಂಗಳು ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಸುತ್ತೇನೆ

ಎಷ್ಟು ನೋಂದಣಿ, ಎಷ್ಟು ಬಿಲ್ ಎಂಬ ಅಂಕಿ ನಿಮ್ಮ ನಿಜವಾದ ಕೆಲಸದ್ದೇ ಆಗಿರಲಿ, ಏಕೆಂದರೆ ಸಂದರ್ಶನದಲ್ಲಿ ಮೊದಲು ಕೇಳುವುದು ಅದನ್ನೇ.

ರೆಸ್ಯೂಮೆ ಇಂಗ್ಲಿಷಿನಲ್ಲಿದ್ದರೆ ಪ್ರತಿ ಸಾಲೂ ಕ್ರಿಯಾಪದದಿಂದಲೇ ಆರಂಭವಾಗಲಿ. ಬಿಟ್ಟು ಬಂದ ಹುದ್ದೆಗಳಲ್ಲಿ 'ಫೈಲ್ಡ್', 'ರಿಕನ್ಸೈಲ್ಡ್' ಎಂಬ ಭೂತಕಾಲದ ರೂಪಗಳು, ಈಗಲೂ ಮಾಡುತ್ತಿರುವ ಕೆಲಸಕ್ಕೆ 'ಫೈಲ್', 'ರಿಕನ್ಸೈಲ್' ಎಂಬ ವರ್ತಮಾನದ ರೂಪಗಳು ಸರಿಹೊಂದುತ್ತವೆ. ಈಗಿನ ಹುದ್ದೆಯಲ್ಲೇ ಮುಗಿಸಿದ ಕೆಲಸವಿದ್ದರೆ, ಉದಾಹರಣೆಗೆ ಟ್ಯಾಲಿಯಿಂದ ಬೇರೆ ಸಾಫ್ಟ್‌ವೇರ್‌ಗೆ ಲೆಕ್ಕಗಳನ್ನು ವರ್ಗಾಯಿಸಿದ್ದರೆ, ಅದನ್ನು ಭೂತಕಾಲದಲ್ಲೇ ಬರೆಯಿರಿ. ಆದರೆ ಅಂಥ ಸಾಲುಗಳೆಲ್ಲ ಒಟ್ಟಿಗೇ ಇರಲಿ, ನಡುನಡುವೆ ಬೆರೆಯುವುದು ಬೇಡ. 'ರೆಸ್ಪಾನ್ಸಿಬಲ್ ಫಾರ್' ಎಂದು ಆರಂಭಿಸುವುದನ್ನು ದಯವಿಟ್ಟು ಬಿಡಿ. ಅದು ನಿಮಗೆ ವಹಿಸಿದ್ದನ್ನು ಹೇಳುತ್ತದೆಯೇ ಹೊರತು ನೀವು ಮಾಡಿದ್ದನ್ನಲ್ಲ.

ಉದ್ದ ಒಂದರಿಂದ ಎರಡು ಸಾಲು ಇರಲಿ. ಒಂದೇ ಒಂದು ಪದ ಮುಂದಿನ ಸಾಲಿಗೆ ಜಾರಿದ್ದರೆ 'ವಿವಿಧ', 'ಯಶಸ್ವಿಯಾಗಿ' ಎಂಬಂಥ ವಿಶೇಷಣಗಳನ್ನು ಮೊದಲು ತೆಗೆಯಿರಿ. ಎರಡು ಸಾಲು ಮೀರಿದ ಪಾಯಿಂಟ್‌ನಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಕೆಲಸಗಳು ಅಡಗಿರುತ್ತವೆ. ಟಿಡಿಎಸ್ ಮತ್ತು ಸಂಬಳದ ಲೆಕ್ಕ ಒಂದೇ ವಾಕ್ಯದಲ್ಲಿ ಸೇರಿಕೊಂಡಿದ್ದರೆ ಬೇರ್ಪಡಿಸಿ, ನೀವು ಅರ್ಜಿ ಹಾಕುತ್ತಿರುವ ಹುದ್ದೆ ಕೇಳುವುದನ್ನು ಮೇಲಕ್ಕೆ ತನ್ನಿ.